ಆಜಾನ್‌ಗೆ ಮುಂಚಿನ ಮೂರು ನಿಮಿಷ

ಸೌಹಾರ್ದ ಇಫ್ತಾರ್ ಕೂಟದಲ್ಲಿ ಸ್ವಾಗತದ ಮಾತಾಡುವವರಿಗೆ ಸಮಯ ಕೊಡುವುದು ಸೂರ್ಯ. ಬೇರೆ ಸಭೆಗಳಲ್ಲಿ ಭಾಷಣ ಹತ್ತು ನಿಮಿಷ ಹೆಚ್ಚಾದರೆ ಊಟ ಹತ್ತು ನಿಮಿಷ ತಡವಾಗುತ್ತದೆ, ಅಷ್ಟೆ. ಇಲ್ಲಿ ಹಾಗಲ್ಲ. ಸೂರ್ಯ ಮುಳುಗಿದ ಮೇಲೆ ಉಪವಾಸ ಬಿಡಲು ತಡಮಾಡಬಾರದು ಎಂಬುದು ಪ್ರವಾದಿಯವರ ಕಾಲದಿಂದ ಬಂದ ನಡೆ. ಆಜಾನ್ ಕೇಳಿಸಿದಾಗಲೂ ಮಾತು ಮುಂದುವರಿದಿದ್ದರೆ, ಖರ್ಜೂರ ಕೈಯಲ್ಲಿ ಹಿಡಿದವರು ತಿನ್ನುವುದೋ ಕೇಳುವುದೋ ಎಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ. ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ ಒಂದು ದಿನದ ರೋಜಾ ಎಂದರೆ ಹದಿಮೂರು ಗಂಟೆಗೂ ಸ್ವಲ್ಪ ಹೆಚ್ಚು. ಅಷ್ಟು ಹೊತ್ತು ನೀರಿಲ್ಲದೆ ಇದ್ದವರ ಎದುರು ನಿಲ್ಲುವ ಭಾಷಣಕಾರರ ಗಂಟಲೂ ಅಷ್ಟೇ ಒಣಗಿರುತ್ತದೆ.

ಆಜಾನ್‌ಗೆ ತೀರ ಹತ್ತಿರದ ಹೊತ್ತೂ ಭಾಷಣಕ್ಕೆ ಸಲ್ಲುವುದಿಲ್ಲ. ಉಪವಾಸ ಬಿಡುವ ಮುಂಚಿನ ಆ ಕೆಲವು ನಿಮಿಷಗಳಲ್ಲಿ ಮಾಡಿದ ಪ್ರಾರ್ಥನೆಗೆ ಬೆಲೆ ಹೆಚ್ಚು ಎಂಬ ನಂಬಿಕೆಯಿದೆ. ಉಪವಾಸಿಗರು ಆಗ ತಮ್ಮಷ್ಟಕ್ಕೆ ದುವಾ ಮಾಡಿಕೊಳ್ಳಲು ಬಯಸುತ್ತಾರೆ. ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಆಜಾನ್ 6.30ಕ್ಕೆ ಇದ್ದರೆ 6.25ಕ್ಕೆ ಮಾತು ಮುಗಿದಿರಬೇಕು. ಅತಿಥಿಗಳು ಕುಳಿತುಕೊಳ್ಳುವ ಹೊತ್ತಿಗೆ 6.20 ಆಗಿರುತ್ತದೆ. ಉಳಿಯುವುದು ಐದು ನಿಮಿಷ. ತಡವಾಗಿ ಬರುವವರಿಗೆಂದು ಎರಡು ನಿಮಿಷ ಕಳೆದರೆ ಮಾತಿಗೆ ಸಿಗುವುದು ಮೂರೇ. ಈ ಲೆಕ್ಕಕ್ಕೆ ನಮ್ಮೂರಿನ ವೇಳಾಪಟ್ಟಿಯನ್ನೇ ನೋಡಬೇಕು. ಮಂಗಳೂರು ಬೆಂಗಳೂರಿಗಿಂತ ಪಶ್ಚಿಮಕ್ಕಿರುವುದರಿಂದ ಅಲ್ಲಿ ಸೂರ್ಯ ಸುಮಾರು ಹತ್ತು ನಿಮಿಷ ತಡವಾಗಿ ಮುಳುಗುತ್ತಾನೆ. ಬೇರೆ ಊರಿನ ನೆಂಟರು ಮೊಬೈಲಿಗೆ ಕಳಿಸಿದ ಪಟ್ಟಿ ಇಲ್ಲಿ ಕೆಲಸಕ್ಕೆ ಬಾರದು.

ಮೂರು ನಿಮಿಷದಲ್ಲಿ ಹೇಳಬೇಕಾದದ್ದೇನು? ಮೊದಲ ಸಲ ಇಫ್ತಾರ್‌ಗೆ ಬಂದವರ ಮನಸ್ಸಿನಲ್ಲಿ ಇರುವ ಪ್ರಶ್ನೆಗಳು ಚಿಕ್ಕವು, ಆದರೆ ಬಾಯಿಬಿಟ್ಟು ಕೇಳಲು ಸಂಕೋಚ. ನಾವು ಯಾವಾಗ ತಿನ್ನಬೇಕು? ಮಗು ಹಸಿವೆನ್ನುತ್ತಿದೆ, ಒಂದು ಬಾಳೆಹಣ್ಣು ಕೊಡಬಹುದೇ? ಎರಡು ಖರ್ಜೂರ ತಿಂದ ಕೂಡಲೇ ಮನೆಯವರೆಲ್ಲ ಎದ್ದು ಹೋದರಲ್ಲ, ನಾವೂ ಏಳಬೇಕೇ? ಈ ಸಮೋಸದೊಳಗೆ ಏನಿದೆ? ಇವಕ್ಕೆ ಮುಂಚಿತವಾಗಿ ಉತ್ತರ ಸಿಕ್ಕಿದವರು ನೆಮ್ಮದಿಯಾಗಿ ಕೂರುತ್ತಾರೆ.

ಒಂದು ಬಡಾವಣೆಯ ರಸ್ತೆಯಲ್ಲಿ ನಾಲ್ಕೈದು ಮುಸ್ಲಿಂ ಮನೆಗಳು ಸೇರಿ ಉಳಿದ ಮನೆಯವರನ್ನು ಕರೆದಿದ್ದಾರೆ ಎಂದುಕೊಳ್ಳೋಣ. ಆತಿಥೇಯರಲ್ಲಿ ಒಬ್ಬರು ಎದ್ದು ನಿಂತು ಹೀಗೆ ಹೇಳಬಹುದು:

“ಅಸ್ಸಲಾಮು ಅಲೈಕುಮ್. ಎಲ್ಲರಿಗೂ ನಮಸ್ಕಾರ. ಕೆಲವರು ಆಫೀಸಿನಿಂದ ನೇರವಾಗಿ ಬಂದಿದ್ದೀರಿ, ಕೆಲವರು ಪರೀಕ್ಷೆಗೆ ಓದುತ್ತಿದ್ದ ಮಕ್ಕಳನ್ನು ಎಬ್ಬಿಸಿಕೊಂಡು ಬಂದಿದ್ದೀರಿ. ತುಂಬಾ ಸಂತೋಷ. ಹೋದ ಮಳೆಗಾಲದಲ್ಲಿ ನಮ್ಮ ರಸ್ತೆಗೆ ನೀರು ನುಗ್ಗಿದಾಗ ಯಾರ ಮನೆಯ ಮೋಟರು ಯಾರ ಮನೆಯ ನೀರು ಎತ್ತಿತು ಎಂದು ಯಾರೂ ಲೆಕ್ಕ ಇಡಲಿಲ್ಲ. ಅಂಥವರ ಜತೆ ಒಂದು ಸಂಜೆ ಕೂತು ಉಣ್ಣಬೇಕು ಅನ್ನಿಸಿತು, ಅದಕ್ಕೇ ಕರೆದೆವು.

ರಂಜಾನ್ ತಿಂಗಳಲ್ಲಿ ನಾವು ಬೆಳಕು ಹರಿಯುವ ಮುಂಚೆ ಉಂಡರೆ ಸೂರ್ಯ ಮುಳುಗುವವರೆಗೆ ನೀರನ್ನೂ ಕುಡಿಯುವುದಿಲ್ಲ. ನಿಮ್ಮಲ್ಲೂ ಏಕಾದಶಿ, ಶಿವರಾತ್ರಿ ಮಾಡುವವರಿದ್ದೀರಿ, ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲ ಆಚರಿಸುವವರಿದ್ದೀರಿ. ಉಪವಾಸ ಏನೆಂದು ನಾನು ಹೇಳಿಕೊಡಬೇಕಾಗಿಲ್ಲ.

6.30ಕ್ಕೆ ಆಜಾನ್ ಆಗುತ್ತದೆ. ಆಗ ನಮ್ಮ ಜತೆಗೇ ನೀವೂ ಖರ್ಜೂರ ತಿನ್ನಿ, ಶರಬತ್ತು ಕುಡಿಯಿರಿ. ಮಕ್ಕಳು, ಸಕ್ಕರೆ ಕಾಯಿಲೆ ಇರುವವರು ಕಾಯಬೇಡಿ, ಈಗಲೇ ತಿನ್ನಿ; ಯಾರಿಗೂ ಬೇಸರವಿಲ್ಲ. ಆಮೇಲೆ ನಾವು ನಮಾಜಿಗೆ ಒಳಗೆ ಹೋಗುತ್ತೇವೆ, ಹದಿನೈದು ನಿಮಿಷದಲ್ಲಿ ಬಂದುಬಿಡುತ್ತೇವೆ. ಅಲ್ಲಿಯವರೆಗೆ ಹಣ್ಣು, ಬೋಂಡ ತಿನ್ನುತ್ತ ಇಲ್ಲೇ ಮಾತಾಡುತ್ತಿರಿ. ಎಡಗಡೆ ಮೇಜಿನ ಅಡುಗೆ ಪೂರ್ತಿ ಸಸ್ಯಾಹಾರ, ಬೇರೆ ಪಾತ್ರೆಯಲ್ಲಿ ಮಾಡಿಸಿದ್ದು. ಬಲಗಡೆಯದು ಮಾಂಸದ್ದು. ಇನ್ನು ಐದು ನಿಮಿಷ ನಮ್ಮವರು ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿಕೊಳ್ಳುತ್ತಾರೆ. ನೀವು ಆರಾಮಾಗಿ ಕೂತಿರಿ. ಬಂದದ್ದಕ್ಕೆ ವಂದನೆಗಳು.”

ಇದರಲ್ಲಿ ಪ್ರವಚನವಿಲ್ಲ. ನೆರೆಹೊರೆಯವರ ಬಗ್ಗೆ ಹೇಳಿದ ಒಂದೇ ಮಾತು ಆ ರಸ್ತೆಯಲ್ಲಿ ನಡೆದದ್ದು, ಅಲ್ಲಿ ಕೂತ ಪ್ರತಿಯೊಬ್ಬರೂ ಕಂಡದ್ದು. ನಾವೆಲ್ಲ ಒಂದೇ, ಎಲ್ಲ ಧರ್ಮದ ಸಾರವೂ ಒಂದೇ ಎಂಬ ವಾಕ್ಯ ಯಾವ ವೇದಿಕೆಯಲ್ಲಾದರೂ ಕೇಳಿಬರುತ್ತದೆ. ಮೋಟರಿನ ಮಾತು ಆ ರಸ್ತೆಯಲ್ಲಿ ಮಾತ್ರ ಆಡಬಹುದಾದದ್ದು. ಉಪವಾಸದ ವಿವರಣೆಯೂ ಒಂದೇ ವಾಕ್ಯದಲ್ಲಿ ಮುಗಿದಿದೆ. ಯಾರಿಗೆ ವಿನಾಯಿತಿ, ಜಕಾತ್ ಎಷ್ಟು, ತರಾವೀಹ್ ಎಂದರೇನು ಎಂಬುದೆಲ್ಲ ಊಟದ ಹೊತ್ತಿನಲ್ಲಿ ಕೇಳಿದವರಿಗೆ ಹೇಳುವ ಸಂಗತಿಗಳು. ಅತಿಥಿಗಳ ವ್ರತಗಳನ್ನು ನೆನೆದದ್ದು ಗೌರವಕ್ಕಾಗಿ. ಅವನ್ನು ರೋಜಾದ ಜತೆ ತೂಗಿ ನೋಡಲು ಹೋಗಬಾರದು.

ಇಂಥ ಮಾತು ಕೆಡುವುದು ಹೆಚ್ಚಾಗಿ ಹೆಸರುಗಳಿಂದ. ಒಬ್ಬ ಪುಢಾರಿಯ ಹೆಸರು ಹೇಳಿದರೆ ಇನ್ನೊಬ್ಬರದೂ ಹೇಳಬೇಕಾಗುತ್ತದೆ, ಪಟ್ಟಿ ಬೆಳೆಯುತ್ತ ಮೂರು ನಿಮಿಷ ಅದರಲ್ಲೇ ಮುಗಿಯುತ್ತದೆ. ಪಕ್ಕದ ಮನೆಯವರನ್ನು “ನಮ್ಮ ಹಿಂದೂ ಬಂಧುಗಳು”, “ನಮ್ಮ ಕ್ರೈಸ್ತ ಸಹೋದರರು” ಎಂದು ಗುಂಪು ಮಾಡಿ ಕರೆಯುವುದೂ ಅಷ್ಟೇ ತಪ್ಪು. ದಿನಾ ಗೇಟಿನ ಹತ್ತಿರ ಸಿಕ್ಕಿ ಮಾತಾಡುವ ಆಂಟಿ ಆ ಸಂಜೆ ಒಂದು ಧರ್ಮದ ಪ್ರತಿನಿಧಿಯಾಗಿ ಕೂರಬೇಕಾಗುತ್ತದೆ. ಅತಿಥಿಗಳಲ್ಲಿ ಯಾರಾದರೂ ಎರಡು ಮಾತಾಡಲು ಬಯಸಿದರೆ ಅದಕ್ಕೆ ನಮಾಜ್ ಮುಗಿದು ಎಲ್ಲರೂ ತಟ್ಟೆ ಹಿಡಿದ ಮೇಲಿನ ಹೊತ್ತು ಒಳ್ಳೆಯದು. ಆಗ ಗಡಿಯಾರದ ಅವಸರವಿರುವುದಿಲ್ಲ.

ಆದರೆ ಭಾಷಣದಿಂದ ಸರಿಪಡಿಸಲಾಗದ ಸಂಗತಿಗಳೂ ಇವೆ. ಕಟ್ಟುನಿಟ್ಟಾದ ಜೈನ ಮನೆಯವರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಇಫ್ತಾರ್ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ. ಒಬ್ಬರ ಊಟ ಆರಂಭವಾಗುವ ಗಳಿಗೆಗೆ ಇನ್ನೊಬ್ಬರ ಊಟ ಮುಗಿದಿರಬೇಕು. ಅಂಥವರನ್ನು 5.30ಕ್ಕೇ ಬರಹೇಳಿ, ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳಿಲ್ಲದ ತಿಂಡಿಯನ್ನು ಮೊದಲೇ ಬಡಿಸಿ, ಆಮೇಲೆ ಜತೆಯಲ್ಲಿ ಕೂರಿಸಿಕೊಳ್ಳಬಹುದು. ಏನೇನು ಬೇಡ ಎಂಬುದನ್ನು ಅವರನ್ನೇ ಕೇಳುವುದು ಮೇಲು. ರಂಜಾನ್ ಪ್ರತಿವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ 2025ರಲ್ಲಿ ಅದು ಕ್ರೈಸ್ತರ ತಪಸ್ಸಿನ ಕಾಲದೊಂದಿಗೆ ಕೂಡಿಬಂದಿತ್ತು. ಹಾಗೆ ಕೂಡಿದ ವರ್ಷ ಶುಕ್ರವಾರ ಕೂಟ ಇಟ್ಟರೆ ಕ್ಯಾಥೋಲಿಕ್ ನೆರೆಯವರು ಬಿರಿಯಾನಿ ಮುಟ್ಟುವಂತಿಲ್ಲ. ಶನಿವಾರ ಇಟ್ಟರೆ ಆ ತೊಡಕಿಲ್ಲ. ಏಕಾದಶಿಯನ್ನೂ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಬೇಕು. ಈ ಕೆಲಸ ಒಂದು ವಾರ ಮುಂಚೆಯೇ, ಮನೆಮನೆಗೆ ಹೋಗಿ ಕರೆಯುವಾಗ ಆಗಬೇಕು.

ಹಾಗೆ ಮನೆಮನೆಗೆ ಹೋದವರೇ ಸ್ವಾಗತದ ಮಾತನ್ನೂ ಆಡಿದರೆ ಒಳ್ಳೆಯದು. ಯಾರ ಮನೆಯಲ್ಲಿ ಏನು ತಿನ್ನುವುದಿಲ್ಲ, ಯಾರಿಗೆ ಸಕ್ಕರೆ ಕಾಯಿಲೆ, ಯಾವ ಮಗುವಿಗೆ ಪರೀಕ್ಷೆ ಎಂಬುದು ಅವರಿಗೆ ಆಗಲೇ ಗೊತ್ತಿರುತ್ತದೆ. ಹೊರಗಿನಿಂದ ಕರೆಸಿದ ಒಳ್ಳೆಯ ವಾಗ್ಮಿಗೆ ಅದು ಗೊತ್ತಿರುವುದಿಲ್ಲ.