ಹನ್ನೊಂದು ಬಡಿತದ ಇಂಗ್ಲಿಷು, ಹದಿನಾರು ಬಡಿತದ ಕನ್ನಡ

ಪರದೆಯ ಮೇಲಿನ ಬಾಣ File ಎಂಬಲ್ಲಿಗೆ ಹೋಯಿತು, ಪಟ್ಟಿ ಬಿಚ್ಚಿಕೊಂಡಿತು, Save As ಒತ್ತಿದ್ದೂ ಆಯಿತು, ಹೊಸ ಕಿಟಕಿ ತೆರೆದದ್ದೂ ಆಯಿತು. ಕನ್ನಡದ ದನಿ ಮಾತ್ರ ಇನ್ನೂ File ಮೆನುವಿನ ಹತ್ತಿರವೇ ಇದೆ. ಓದುತ್ತಿರುವವರಿಗೂ ಅದು ಗೊತ್ತಾಗಿ, ಮುಂದಿನ ವಾಕ್ಯವನ್ನು ಕೊನೆಯ ಬಸ್ಸಿಗೆ ಓಡುವವರಂತೆ ಓದಿ ಮುಗಿಸುತ್ತಾರೆ. ಕಲಿಯಲು ಕೂತವರು ವಿಡಿಯೊ ನಿಲ್ಲಿಸಿ ಹಿಂದಕ್ಕೆ ಎಳೆಯುತ್ತಾರೆ. ಬೈಗುಳ ಬೀಳುವುದು ಅನುವಾದಕರಿಗೆ. ಕೆಲವೊಮ್ಮೆ ಕನ್ನಡಕ್ಕೇ. ಆದರೆ ಎಡವಟ್ಟು ಆದದ್ದು ಅದಕ್ಕೂ ಮುಂಚೆ, ಮೂಲ ಇಂಗ್ಲಿಷ್ ನಿರೂಪಣೆ ಬರೆಯುವಾಗ.

ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಪಾಠಗಳನ್ನು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಲವರು ನೋಡಿರಬಹುದು. ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶಗಳನ್ನು ಸುಮಾರು 10 ನಿಮಿಷದ ಒಂದೊಂದು ವಿಡಿಯೊದಲ್ಲಿ ಕಲಿಸುತ್ತಾರೆ. ಅಲ್ಲಿ ಪರದೆಯ ಚಿತ್ರ ಇಂಗ್ಲಿಷಿನದೇ ಉಳಿಯುತ್ತದೆ. ದನಿಯನ್ನಷ್ಟೇ ಕನ್ನಡವೂ ಸೇರಿದಂತೆ ಭಾರತದ ಹಲವು ಭಾಷೆಗಳಿಗೆ ಬದಲಿಸುತ್ತಾರೆ. ಅನುವಾದಕರ ಕೈಗೆ ಸಿಗುವುದು ಎರಡು ಕಾಲಮ್ಮಿನ ಪಟ್ಟಿ: Time ಎಂಬಲ್ಲಿ ನಿಮಿಷ ಮತ್ತು ಸೆಕೆಂಡು, Narration ಎಂಬಲ್ಲಿ ಆ ಹೊತ್ತಿಗೆ ಆಡಬೇಕಾದ ಮಾತು. 02:14ಕ್ಕೆ ಒಂದು ವಾಕ್ಯ, 02:17ಕ್ಕೆ ಮುಂದಿನದು ಎಂದಿದ್ದರೆ ನಿಮ್ಮ ಕನ್ನಡಕ್ಕೆ ಸಿಕ್ಕಿದ್ದು 3 ಸೆಕೆಂಡು. ಚಿತ್ರ ನಿಮಗಾಗಿ ಕಾಯುವುದಿಲ್ಲ.

ಈ 3 ಸೆಕೆಂಡಿನ ಲೆಕ್ಕ ನೋಡೋಣ. ಇಂಗ್ಲಿಷಿನಲ್ಲಿ ಹೇಳುವುದು ‘ಕ್ಲಿಕ್ ಆನ್ ದ File ಮೆನು ಅಂಡ್ ಸೆಲೆಕ್ಟ್ Save As’. ಬಾಯಿಯಲ್ಲಿ ಇದು 11 ಬಡಿತ. ‘ಕ್ಲಿಕ್’ ಒಂದು, ‘ಮೆನು’ ಎರಡು, ಹೀಗೆ ಎಣಿಸಿಕೊಳ್ಳಿ. ಕನ್ನಡದಲ್ಲಿ ಸಾಮಾನ್ಯವಾಗಿ ಬರುವುದು ‘File ಮೆನು ಮೇಲೆ ಕ್ಲಿಕ್ ಮಾಡಿ, Save As ಅನ್ನು ಆಯ್ಕೆ ಮಾಡಿ’. ಇದು 16 ಬಡಿತ. ಪಾಠ ಹೇಳುವ ನಿಧಾನಗತಿಯಲ್ಲಿ ಸೆಕೆಂಡಿಗೆ 4 ಬಡಿತ ಎಂದುಕೊಂಡರೆ ಇಂಗ್ಲಿಷು 3 ಸೆಕೆಂಡಿನೊಳಗೆ ಮುಗಿಯುತ್ತದೆ, ಕನ್ನಡಕ್ಕೆ 4 ಬೇಕು. ಒಂದು ಸೆಕೆಂಡು ತಾನೇ ಎನ್ನಬೇಡಿ. ಹತ್ತು ವಾಕ್ಯ ಕಳೆಯುವಷ್ಟರಲ್ಲಿ ದನಿ 10 ಸೆಕೆಂಡು ಹಿಂದೆ ಬಿದ್ದಿರುತ್ತದೆ, ಅಷ್ಟರಲ್ಲಿ ಪರದೆಯ ಮೇಲೆ ಎರಡು ಮೂರು ಹೆಜ್ಜೆ ಮುಗಿದಿರುತ್ತವೆ.

ಪದಗಳನ್ನು ಎಣಿಸಿದವರಿಗೆ ಈ ಅಂತರ ಕಾಣುವುದೇ ಇಲ್ಲ. ಇಂಗ್ಲಿಷ್ ವಾಕ್ಯದಲ್ಲಿ 9 ಪದ, ಕನ್ನಡದ್ದರಲ್ಲಿ 10. ಕೆಲವು ಕಡೆ ಪದದ ಲೆಕ್ಕ ಪೂರ್ತಿ ತಿರುವುಮುರುವು: ‘ಯು ವಿಲ್ ಹ್ಯಾವ್ ಟು ಸೇವ್ ಇಟ್’ ಎಂಬ 6 ಪದಕ್ಕೆ ಕನ್ನಡದಲ್ಲಿ ‘ಉಳಿಸಿಕೊಳ್ಳಬೇಕಾಗುತ್ತದೆ’ ಎಂಬ ಒಂದೇ ಪದ ಸಾಕು. ಉಳಿತಾಯವಾಯಿತು ಎಂದುಕೊಳ್ಳುವಷ್ಟರಲ್ಲಿ 6 ಬಡಿತದ್ದು 10 ಆಗಿರುತ್ತದೆ.

ಕನ್ನಡಿಗರು ಬೇಗ ಮಾತಾಡುತ್ತಾರಲ್ಲ, ಸರಿಹೋಗುವುದಿಲ್ಲವೇ? ಪ್ರಶ್ನೆ ಪೆದ್ದಲ್ಲ. 2019ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ 17 ಭಾಷೆಗಳ ಅಧ್ಯಯನ (ಕನ್ನಡ ಅದರಲ್ಲಿರಲಿಲ್ಲ) ಹೇಳಿದ್ದೂ ಅದನ್ನೇ. ಒಂದೊಂದು ಬಡಿತದಲ್ಲಿ ಕಡಿಮೆ ಅರ್ಥ ಹೊರುವ ಜಪಾನಿ, ಸ್ಪ್ಯಾನಿಷ್‌ನಂಥ ಭಾಷೆಗಳನ್ನು ಜನ ವೇಗವಾಗಿ ಆಡುತ್ತಾರೆ. ಕೊನೆಗೆ ಎಲ್ಲ ಭಾಷೆಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಒಂದೇ ಪ್ರಮಾಣದ ವಿಷಯ ದಾಟಿಸುತ್ತವೆ. ಆದರೆ ಅದು ಸರಾಗವಾಗಿ ಓದುವಾಗಿನ ಲೆಕ್ಕ. ಪಾಠದ ವಿಡಿಯೊ ನೋಡುವವರು ಕೇಳುತ್ತಲೇ ಮೌಸ್ ಆಡಿಸುತ್ತಿರುತ್ತಾರೆ. ಕನ್ನಡದಲ್ಲಿ ಕೇಳುವವರಿಗೆ ಇನ್ನೊಂದು ಕೆಲಸವೂ ಇದೆ: ಕಿವಿಗೆ ಬಿದ್ದ ‘ಸೇವ್ ಆಸ್’ ಅನ್ನು ಪರದೆಯ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಬೇಕು. ಅವರಿಗೆ ಬೇಕಾದದ್ದು ನಿಧಾನ.

ಹಾಗಾಗಿ ಮೂಲ ಬರೆಯುವವರೇ ಜಾಗ ಬಿಡಬೇಕು. ನನ್ನ ಅಳತೆ ಸರಳ: ಇಂಗ್ಲಿಷಿಗೆ 3 ಸೆಕೆಂಡು ಬೇಕಾದರೆ ಚಿತ್ರಕ್ಕೆ ನಾಲ್ಕೂವರೆ. ಆದರೆ ಎಷ್ಟು ಬಿಡಬೇಕು ಎನ್ನುವುದಕ್ಕಿಂತ ಎಲ್ಲಿ ಬಿಡಬೇಕು ಎನ್ನುವುದೇ ದೊಡ್ಡದು. ವಿಡಿಯೊದ ಕೊನೆಯಲ್ಲಿ ಅರ್ಧ ನಿಮಿಷ ಖಾಲಿ ಬಿಟ್ಟು ‘ಜಾಗ ಇದೆಯಲ್ಲ’ ಎನ್ನುವವರಿದ್ದಾರೆ. ಅದು ಊಟ ಮುಗಿದ ಮೇಲೆ ಎಲೆ ಹಾಕಿದಂತೆ. ಬಿಡುವು ಪ್ರತಿ ಹೆಜ್ಜೆಯಲ್ಲೂ ಬೇಕು, ಅದೂ ಕ್ಲಿಕ್ ಆಗುವ ಮುಂಚೆ. ಬಾಣ File ಮೇಲೆ ಬಂದು ನಿಲ್ಲಲಿ, ಪಟ್ಟಿ ತೆರೆದ ಮೇಲೆ Save As ಮೇಲೆ ಇನ್ನೊಂದಿಷ್ಟು ನಿಲ್ಲಲಿ, ಕಿಟಕಿ ತೆರೆಯುವುದು ನಾಲ್ಕೂವರೆಯ ತುದಿಯಲ್ಲಿರಲಿ.

ಮುಂಚೆಯೇ ಏಕೆ ಎಂದರೆ ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನವರು ‘ಕ್ಲಿಕ್ Save’ ಎಂದು ಶುರುಮಾಡಿ, ‘ಯಾವ ಫೋಲ್ಡರಿನಲ್ಲಿ ಉಳಿಸಲು’ ಎಂಬುದನ್ನು ಆಮೇಲೆ ಸೇರಿಸುತ್ತಾರೆ. ಬಾಣವೂ ಮೊದಲ ಕ್ಷಣಕ್ಕೇ Save ಮೇಲಿರುತ್ತದೆ. ಕನ್ನಡದಲ್ಲಿ ಅದೇ ವಾಕ್ಯ ‘Documents ಫೋಲ್ಡರಿನಲ್ಲಿ ಫೈಲು ಉಳಿಸಲು Save ಒತ್ತಿ’ ಎಂದಾಗುತ್ತದೆ. ಕಿವಿ Documents ಕೇಳುತ್ತಿರುವಾಗ ಕಣ್ಣು Save ನೋಡುತ್ತಿರುತ್ತದೆ. ಇಲ್ಲಿ ಸೆಕೆಂಡು ಕೂಡಿಸಿದರೆ ಸಾಲದು, ಮೂಲ ವಾಕ್ಯವನ್ನೇ ಒಡೆಯಬೇಕು: ಮೊದಲು ‘ಫೈಲು Documents ಫೋಲ್ಡರಿಗೆ ಹೋಗುತ್ತದೆ’, ಆಗ ಬಾಣ ಅಲ್ಲಿ. ಆಮೇಲೆ ‘Save ಒತ್ತಿ’, ಆಗ ಬಾಣ ಇಲ್ಲಿ. ಹೀಗೆ ಒಡೆದದ್ದು ಹಿಂದಿಗೂ ತಮಿಳಿಗೂ ಅಷ್ಟೇ ಅನುಕೂಲ, ಅವುಗಳಲ್ಲೂ ಕ್ರಿಯಾಪದ ಕೊನೆಗೇ ಬರುವುದು.

ಹಿಗ್ಗುವ ವಿಷಯದಲ್ಲಿ ಅಂಕಿಗಳಷ್ಟು ಮೋಸ ಬೇರೆ ಯಾವುದೂ ಮಾಡುವುದಿಲ್ಲ. ಒಂದೇ ಚಿತ್ರಕ್ಕೆ ಹಲವು ಭಾಷೆಯ ನಿರೂಪಣೆ ಕೂಡಿಸಿ ಊರೂರ ಟಾಕೀಸುಗಳಿಗೆ ಕಳಿಸುತ್ತಿದ್ದ ಫಿಲ್ಮ್ಸ್ ಡಿವಿಷನ್ ಶುರುವಾದದ್ದು 1948ರಲ್ಲಿ. ಈ ಇಸವಿಯನ್ನೇ ಓದಿ ನೋಡಿ. ‘ನೈಂಟೀನ್ ಫಾರ್ಟಿ ಎಯ್ಟ್’ 5 ಬಡಿತ. ‘ಸಾವಿರದ ಒಂಬೈನೂರ ನಲವತ್ತೆಂಟು’ 13. ಸಂಕ್ಷೇಪಗಳದೂ ಇದೇ ಪಾಡು. ಜಿಎಸ್‌ಟಿ 3 ಬಡಿತ, ಅದನ್ನು ‘ಸರಕು ಮತ್ತು ಸೇವಾ ತೆರಿಗೆ’ ಎಂದು ಬಿಡಿಸಿದರೆ 10. ಹಾಗಾಗಿ ಇಸವಿ, ಮೊತ್ತ, ಸಂಸ್ಥೆಯ ಹೆಸರು ಬರುವ ವಾಕ್ಯಗಳಿಗೆ ನಾನು ಮೂಲದ ಎರಡರಷ್ಟು ಹೊತ್ತು ಕೇಳುತ್ತೇನೆ. ಒಂದೇ ವಾಕ್ಯದಲ್ಲಿ ಎರಡು ಇಸವಿ ಇದ್ದರೆ ಒಂದನ್ನು ಪರದೆಯ ಮೇಲೆ ಬರೆದು ಮಾತಿನಿಂದ ತೆಗೆಯಿರಿ ಎನ್ನುತ್ತೇನೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೊದಲು ಕೊಟ್ಟ ವಾಕ್ಯವನ್ನು ‘File ಮೆನು ಒತ್ತಿ, Save As ಆರಿಸಿ’ ಎಂದು ಹೇಳಿ ನೋಡಿ. 10 ಬಡಿತ! ಇಂಗ್ಲಿಷಿಗಿಂತ ಒಂದು ಕಡಿಮೆ. ‘ಆಯ್ಕೆ ಮಾಡಿ’, ‘ಕ್ಲಿಕ್ ಮಾಡಿ’, ಇಂಗ್ಲಿಷ್ ಹೆಸರಿಗೆ ಅಂಟಿಸುವ ‘ಅನ್ನು’, ಎರಡು ಮಾತಿನ ನಡುವೆ ತುರುಕುವ ‘ಮತ್ತು’: ಉದ್ದದ ದೊಡ್ಡ ಪಾಲು ಇಂಥವುಗಳದ್ದು. ಹಾಗಿದ್ದರೂ ಬಿಡುವು ಬೇಡವೆಂದಲ್ಲ. ಇಸವಿ ಚಿಕ್ಕದಾಗುವುದಿಲ್ಲ, ಪಾರಿಭಾಷಿಕ ಪದ ಚಿಕ್ಕದಾಗುವುದಿಲ್ಲ, ‘ಒತ್ತಿ’ ಎಂದು ಬರೆದದ್ದನ್ನು ಪರಿಶೀಲಕರು ‘ಕ್ಲಿಕ್ ಮಾಡಿ’ ಎಂದು ತಿದ್ದಿ ಕಳಿಸುವುದೂ ಉಂಟು.

ಜಾಗ ಬಿಡದ ವಿಡಿಯೊವನ್ನು ಆಮೇಲೆ ಸಂಕಲನದಲ್ಲಿ ಸರಿಮಾಡಲು ಎರಡು ದಾರಿಗಳಿವೆ. ಒಂದು, ದನಿಯ ವೇಗ ಹೆಚ್ಚಿಸುವುದು. ತುಸುವಾದರೆ ಕಿವಿಗೆ ತಿಳಿಯುವುದಿಲ್ಲ, ಜಾಸ್ತಿಯಾದರೆ ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಇನ್ನೊಂದು, ಬಾಣ ನಿಂತ ಕಡೆ ಚಿತ್ರವನ್ನು ಹಿಡಿದು ನಿಲ್ಲಿಸುವುದು. ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಭಾಷೆಗೊಂದು ಚಿತ್ರ, ಭಾಷೆಗೊಂದು ಸಮಯದ ಪಟ್ಟಿ ಮಾಡಿಕೊಂಡು ಕೂರಬೇಕಾಗುತ್ತದೆ.

ಮೂಲದಲ್ಲೇ ಬಿಡುವು ಇಟ್ಟರೆ ಇಂಗ್ಲಿಷ್ ಆವೃತ್ತಿ ನೋಡುವವರು ‘ಯಾಕಿಷ್ಟು ಮೌನ?’ ಎನ್ನುತ್ತಾರೆ. ಒಂದೂವರೆ ಸೆಕೆಂಡಿನ ಮೌನವನ್ನು ಬಾಣದ ಚಲನೆ, ಕೀಲಿಮಣೆಯ ಸದ್ದು ತುಂಬುತ್ತವೆ. ಮೂರು ದಾಟಿದರೆ ದೂರು ನಿಜವೇ. ಅಳತೆ ಸರಿಯಿದೆಯೇ ಎಂದು ತಿಳಿಯಲು ಪರದೆಯನ್ನು ಚಿತ್ರಿಸಿಕೊಳ್ಳುವ ಮೊದಲೇ ಅತಿ ಉದ್ದವಾಗುವ ಭಾಷೆಯವರೊಬ್ಬರನ್ನು ಕೂರಿಸಿ, ಅಂಕಿ ಇರುವ ನಾಲ್ಕು ವಾಕ್ಯಗಳನ್ನು ಬಾಯಲ್ಲೇ ಅನುವಾದಿಸಿ ಓದಿಸಬೇಕು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು. ಓದುವವರು ಎರಡನೆಯ ವಾಕ್ಯಕ್ಕೇ ಉಸಿರು ಕದ್ದರೆ ಅಲ್ಲಿಗೇ ನಿಲ್ಲಿಸಿ ಮೂಲವನ್ನು ತಿದ್ದುವುದು ಒಳ್ಳೆಯದು.