ನಿಮಗಿದು ಗೊತ್ತೇ? ಜನವರಿಯಲ್ಲಿ ಹೋದರೆ ಕಗ್ಗದ ಗದ್ದೆಯೇ ಕಾಣದು!

ಕುಮಟಾ, ಹೊನ್ನಾವರ, ಭಟ್ಕಳದ ರೈತರ ಗುಂಪೊಂದು ತನ್ನ ಬೆಳೆಯನ್ನು ಬೆಂಗಳೂರು, ಹುಬ್ಬಳ್ಳಿಯ ಮನೆಗಳಿಗೆ ಮಾರಲು ಎರಡು ನಿಮಿಷದ ವಿಡಿಯೋ ಮಾಡುತ್ತದೆ ಎಂದುಕೊಳ್ಳಿ. ಬೆಳೆ ಕಗ್ಗ. ಅಘನಾಶಿನಿ ಅಳಿವೆಯ ಗಜನಿಗಳಲ್ಲಿ, ಉಪ್ಪುನೀರಿನ ಮಗ್ಗುಲಲ್ಲೇ ಬೆಳೆಯುವ ಭತ್ತ. ಇದರ ಸ್ಕ್ರಿಪ್ಟ್ ಬರೆಯಲು ಕೂತವರಿಗೆ ಮೊದಲು ಗೊತ್ತಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಕಗ್ಗದ ಗದ್ದೆ ವರ್ಷದಲ್ಲಿ ಅರ್ಧ ಕಾಲ ಗದ್ದೆಯಾಗಿರುವುದಿಲ್ಲ, ಗೊತ್ತೇ? ಮಳೆಗಾಲದ ಆರಂಭದಲ್ಲಿ ಮೊಳಕೆ ಬರಿಸಿದ ಬೀಜ ಎರಚುತ್ತಾರೆ, ಅಕ್ಟೋಬರ್ ಹೊತ್ತಿಗೆ ಕೊಯ್ಲು. ಅದಾದ ಮೇಲೆ ಉಪ್ಪುನೀರು ಒಳಗೆ ಬರುತ್ತದೆ, ಗಜನಿ ಸಿಗಡಿ ಮತ್ತು ಮೀನಿನದಾಗುತ್ತದೆ. ರಜೆ ಸಿಕ್ಕಿತೆಂದು ಜನವರಿಯಲ್ಲಿ ಕ್ಯಾಮೆರಾ ತಂದವರಿಗೆ ಕಾಣುವುದು ಬರೀ ನೀರು. ಆಗ ಬೇರೆಲ್ಲಿಂದಲೋ ಹಸಿರು ಗದ್ದೆಯ ಚಿತ್ರ ತಂದು ಅಂಟಿಸುವ ಆಸೆ ಹುಟ್ಟುತ್ತದೆ. ಅದನ್ನು ಮಾಡಬೇಡಿ. ಕಗ್ಗ ಎತ್ತರದ ಪೈರು, ತೆನೆಯಲ್ಲಿ ಮುಳ್ಳಿನಂತೆ ಮೀಸೆ ಇರುತ್ತದೆ. ಕುಳ್ಳ ತಳಿಯ ಗದ್ದೆ ತೋರಿಸಿದರೆ ತಿಳಿದವರು ಕೂಡಲೇ ಗುರುತಿಸುತ್ತಾರೆ. ಜೂನ್, ಆಗಸ್ಟ್, ಅಕ್ಟೋಬರ್ ಮತ್ತು ಜನವರಿಯಲ್ಲಿ ಒಂದೇ ಜಾಗದಲ್ಲಿ ನಿಂತು, ಹತ್ತು ಹತ್ತು ಸೆಕೆಂಡ್ ಮೊಬೈಲಿನಲ್ಲೇ ಹಿಡಿದಿಟ್ಟರೆ ಸಾಕು. ಆ ನಾಲ್ಕು ತುಣುಕು ಒಂದರ ಹಿಂದೆ ಒಂದು ಬಂದಾಗ ನೋಡುವವರಿಗೆ ಈ ಭೂಮಿ ಅರ್ಥವಾಗುತ್ತದೆ.

ಸಮುದ್ರದ ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಗೊತ್ತೇ? ಇಂದು ಹತ್ತು ಗಂಟೆಗೆ ಉಬ್ಬರ ಬಂದಿದ್ದರೆ ನಾಳೆ ಹನ್ನೊಂದರ ಹತ್ತಿರ. ಈ ಲೆಕ್ಕವಿಲ್ಲದೆ ಹೋದರೆ ವಿಡಿಯೋದ ಮುಖ್ಯ ದೃಶ್ಯವೇ ತಪ್ಪಿಹೋಗುತ್ತದೆ. ಆ ದೃಶ್ಯ ಯಾವುದೆಂದರೆ ಜಂತ್ರಡಿ. ಗಜನಿಯ ಕಟ್ಟೆಯಲ್ಲಿರುವ ನೀರಿನ ಬಾಗಿಲು ಅದು. ಭರತದಲ್ಲಿ ಮುಚ್ಚಿ ಉಪ್ಪುನೀರನ್ನು ಹೊರಗೆ ತಡೆಯಬೇಕು, ಇಳಿತದಲ್ಲಿ ತೆರೆದು ಒಳಗಿನ ಮಳೆನೀರನ್ನು ಬಿಡಬೇಕು. ಮಳೆ ಸುರಿದಂತೆ ಮಣ್ಣಿನ ಉಪ್ಪು ತೊಳೆದು ಈ ದಾರಿಯಲ್ಲೇ ಹೊರಗೆ ಹೋಗುತ್ತದೆ. ಮಳೆ ನಡುವೆ ಕೈಕೊಟ್ಟರೆ ಉಪ್ಪು ಮತ್ತೆ ಮೇಲೆ ಬರುತ್ತದೆ, ಕಗ್ಗ ಒಂದಷ್ಟು ತಾಳುತ್ತದೆ, ಆದರೆ ಅದಕ್ಕೂ ಮಿತಿ ಇದೆ. ಕಟ್ಟೆ ಒಡೆದ ವರ್ಷ ಬೆಳೆಯೇ ಇಲ್ಲ. ಗಿರಾಕಿ “ಕಳೆದ ವರ್ಷದಷ್ಟು ಅಕ್ಕಿ ಈ ವರ್ಷ ಏಕಿಲ್ಲ?” ಎಂದು ಕೇಳಿದರೆ ಉತ್ತರ ಈ ಬಾಗಿಲಿನಲ್ಲಿದೆ. ಆದ್ದರಿಂದ ವಿಡಿಯೋದಲ್ಲಿ ನಾನು ಪೂರ್ತಿ ಇಪ್ಪತ್ತೈದು ಸೆಕೆಂಡ್ ಜಂತ್ರಡಿಗೇ ಕೊಡುತ್ತೇನೆ.

ಕಗ್ಗದ ಹುಲ್ಲನ್ನು ಬುಡದವರೆಗೆ ಕೊಯ್ಯುವುದಿಲ್ಲ, ಗೊತ್ತೇ? ತೆನೆಯ ಭಾಗವನ್ನಷ್ಟೇ ಕೊಯ್ದು ಉಳಿದ ದಂಟನ್ನು ನೀರಿಗೆ ಬಿಡುತ್ತಾರೆ. ಅದು ಕೊಳೆತು ಸಿಗಡಿ, ಮೀನಿಗೆ ಮೇವಾಗುತ್ತದೆ, ಹಕ್ಕಿಗಳು ಬರುತ್ತವೆ, ಮುಂದಿನ ಬೆಳೆಗೆ ಬೇಕಾದ ಸತ್ವ ಕೆಸರಿನಲ್ಲೇ ಉಳಿಯುತ್ತದೆ. ಹೀಗಾಗಿ ಕಗ್ಗಕ್ಕೆ ಗೊಬ್ಬರ ಹಾಕುವ ರೂಢಿಯೇ ಇಲ್ಲ. ಸ್ಕ್ರಿಪ್ಟಿನಲ್ಲಿ “ನಾವು ರಾಸಾಯನಿಕ ಬಳಸುವುದಿಲ್ಲ” ಎಂಬ ಒಣ ವಾಕ್ಯ ಬೇಡ. ಬೆಳೆಗಾರ್ತಿಯೊಬ್ಬರು ಕೊಯ್ಲಿನ ನಡುವೆ ದಂಟು ತೋರಿಸಿ, “ಇದು ಮೀನಿಗೆ, ತೆನೆ ನಮಗೆ” ಎಂದರೆ ಸಾಕು.

ಗೊಬ್ಬರ ಹಾಕದಿದ್ದ ಮಾತ್ರಕ್ಕೆ ಪೊಟ್ಟಣದ ಮೇಲೆ “ಸಾವಯವ” ಎಂದು ಬರೆಯುವಂತಿಲ್ಲ, ಗೊತ್ತೇ? ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮದಂತೆ ಆ ಪದಕ್ಕೆ ಪ್ರಮಾಣಪತ್ರ ಬೇಕು. ಎರಡು ದಾರಿಗಳಿವೆ. ಒಂದು, ಸಂಸ್ಥೆಯವರು ಬಂದು ತಪಾಸಣೆ ಮಾಡುವ ಎನ್‌ಪಿಒಪಿ. ಇನ್ನೊಂದು, ಕನಿಷ್ಠ ಐದು ರೈತರು ಗುಂಪಾಗಿ ಒಬ್ಬರ ಹೊಲವನ್ನೊಬ್ಬರು ಪರಿಶೀಲಿಸಿ ದಾಖಲೆ ಇಡುವ ಪಿಜಿಎಸ್. ಸಣ್ಣ ಗುಂಪುಗಳಿಗೆ ಎರಡನೆಯದು ಕೈಗೆಟುಕುತ್ತದೆ. ಸಣ್ಣ ಬೆಳೆಗಾರರೇ ನೇರವಾಗಿ ತಿನ್ನುವವರಿಗೆ ಮಾರಿದರೆ ನಿಯಮದಲ್ಲಿ ವಿನಾಯಿತಿ ಇದೆ. ಆದರೆ ಅದರ ಬಲದಲ್ಲಿ ಮಾರುವವರು ಜೈವಿಕ್ ಭಾರತ್ ಗುರುತನ್ನು ಹಾಕುವಂತಿಲ್ಲ, ಮತ್ತು ಅದೇ ಅಕ್ಕಿಯನ್ನು ಬೆಂಗಳೂರಿನ ಅಂಗಡಿಯೊಂದಕ್ಕೆ ಕೊಟ್ಟ ಕ್ಷಣ ವಿನಾಯಿತಿಯ ನೆರಳು ಸರಿಯುತ್ತದೆ. ಗಜನಿಯಲ್ಲಿ ಇನ್ನೊಂದು ತೊಡಕಿದೆ. ಒಂದೇ ಕಟ್ಟೆಯೊಳಗೆ ಎಲ್ಲರ ಗದ್ದೆಯ ನೀರೂ ಒಂದೇ. ಪಕ್ಕದಲ್ಲಿ ಔಷಧಿ ಬಳಸುವ ಸಿಗಡಿ ಕೆರೆ ಇದ್ದು ಅದರ ನೀರು ಇದೇ ಕಾಲುವೆಗೆ ಬಿದ್ದರೆ, ನಿಮ್ಮೊಬ್ಬರ ಪ್ರಾಮಾಣಿಕತೆ ಸಾಕಾಗದು. ಆದ್ದರಿಂದ ಪ್ರಮಾಣಪತ್ರ ಸಿಗುವವರೆಗೆ ಧ್ವನಿಯಲ್ಲಿ ಹೇಳಬೇಕಾದದ್ದು ಇಷ್ಟೇ: “ಗೊಬ್ಬರ, ಕೀಟನಾಶಕ ಹಾಕದೆ ನಾವೇ ಬೆಳೆದದ್ದು.” ನಿಜವಾಗಿದ್ದರೆ ಮಾತ್ರ.

ಕುಮಟಾದ ಸಿಹಿ ಈರುಳ್ಳಿಯನ್ನೂ ಭಟ್ಕಳದ ಮಲ್ಲಿಗೆಯನ್ನೂ ಅದೇ ವಿಡಿಯೋದಲ್ಲಿ ತುರುಕಬೇಡಿ. ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಈರುಳ್ಳಿ ಚಂದ ಕಾಣುತ್ತದೆ ನಿಜ, ಆದರೆ ಅದನ್ನು ಬೆಳೆಸುವ ಬಗೆ ಬೇರೆ. ಕಗ್ಗಕ್ಕೆ ಹೇಳಿದ ಮಾತು ಅದಕ್ಕೆ ತಾನಾಗಿಯೇ ಅನ್ವಯಿಸುವುದಿಲ್ಲ.

ಪೇಟೆಯ ಗಿರಾಕಿಗಳು ಮತ್ತೆ ಕೊಳ್ಳದಿರಲು ಅಡುಗೆಮನೆಯೇ ಮುಖ್ಯ ಕಾರಣ ಎಂದು ನನ್ನ ಅಂದಾಜು. ಕಗ್ಗದ ಕೆಂಪು ಅಕ್ಕಿಯಲ್ಲಿ ತೌಡು ಉಳಿದಿರುವುದರಿಂದ ಅದು ಸೋನಾ ಮಸೂರಿಯಂತೆ ಹದಿನೈದು ನಿಮಿಷಕ್ಕೆ ಬೇಯದು. ಹಿಂದಿನ ರಾತ್ರಿ ನೆನೆಸಿಟ್ಟು, ಒಂದು ಲೋಟಕ್ಕೆ ನಾಲ್ಕು ಲೋಟ ನೀರಿಟ್ಟು ಬೇಯಿಸಿ, ಗಂಜಿ ಬಸಿದುಕೊಳ್ಳಬೇಕೆಂದು ತೋರಿಸಿ. ತೌಡಿನ ಎಣ್ಣೆ ಕಾಲಕಳೆದಂತೆ ಕೆಡುತ್ತದೆ, ಪೊಟ್ಟಣ ತೆರೆದಾಗ ಹಳೇ ಎಣ್ಣೆಯ ಕಮಟು ಬಂದರೆ ಅದೇ ಗುರುತು. ಎರಡು ಕಿಲೋದ ಪೊಟ್ಟಣ, ಮೂರು ತಿಂಗಳೊಳಗೆ ಬಳಸಿ ಎಂಬ ಮಾತು, ಇವು ಅಂದದ ದೃಶ್ಯಕ್ಕಿಂತ ಮುಖ್ಯ. “ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ” ಎಂಬುದನ್ನು ಮಾತ್ರ ಯಾರೂ ಹೇಳಬಾರದು. ರೋಗ ಗುಣಪಡಿಸುವ ಮಾತನ್ನು ಆಹಾರದ ಜಾಹೀರಾತಿನಲ್ಲಿ 2018ರ ನಿಯಮ ನಿಷೇಧಿಸಿದೆ.

ಈಗ ಸ್ಕ್ರಿಪ್ಟ್ ನೋಡಿ. ಮೊದಲ ಹದಿನೈದು ಸೆಕೆಂಡ್ ನಾಲ್ಕು ತಿಂಗಳ ಒಂದೇ ಜಾಗ, ಮಾತಿಲ್ಲದೆ, ನೀರಿನ ಸದ್ದು ಮಾತ್ರ. ನಂತರ ಜಂತ್ರಡಿ. ಆಮೇಲೆ ದಂಟು ಹಿಡಿದ ಕೈಗಳು. ಕೊನೆಯ ಮುಕ್ಕಾಲು ನಿಮಿಷ ಅಡುಗೆಮನೆ, ಬೆಲೆ, ತರಿಸಿಕೊಳ್ಳುವ ವಿಧಾನ. ನಿಧಾನವಾಗಿ ಮಾತನಾಡಿದರೆ ನಿಮಿಷಕ್ಕೆ ಸುಮಾರು ನೂರು ಪದ. ಹಾಗಾಗಿ ಇಡೀ ವಿಡಿಯೋಗೆ ನೂರೈವತ್ತು ಪದ ಮೀರಬೇಡಿ. ಅಳಿವೆಯಲ್ಲಿ ಗಾಳಿ ಜೋರು, ಮೈಕಿಗೆ ಸ್ಪಂಜಿನ ಟೋಪಿ ಇಲ್ಲದಿದ್ದರೆ ಆ ನೂರೈವತ್ತೂ ಕೇಳಿಸದು.

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯಿತು. ಆ ಹೆಸರನ್ನು ಒಂದು ಸಾಲಿನಲ್ಲಿ ಹೇಳಿದರೆ ಸಾಕು, ಅದು ಜೌಗು ಪ್ರದೇಶಕ್ಕೆ ಸಿಕ್ಕ ಮನ್ನಣೆ, ಅಕ್ಕಿಗಲ್ಲ.

ಕೊನೆಗೊಂದು ಲೆಕ್ಕ. ಗುಂಪಿನ ಕೈಯಲ್ಲಿ ಇಪ್ಪತ್ತು ಕ್ವಿಂಟಲ್ ಭತ್ತ ಇದ್ದರೆ ಗಿರಣಿಯಿಂದ ಬರುವ ಅಕ್ಕಿ ಹದಿಮೂರು ಕ್ವಿಂಟಲ್ ಆಸುಪಾಸು. ಅಂದರೆ ಎರಡು ಕಿಲೋದ 650 ಪೊಟ್ಟಣ. ಆ ಸಂಖ್ಯೆಯನ್ನು ವಿಡಿಯೋದ ಕೊನೆಯ ಚಿತ್ರದಲ್ಲಿ ದೊಡ್ಡದಾಗಿ ಬರೆಯಿರಿ. 650ನೆಯದು ಹೋದ ದಿನವೇ ವಿಡಿಯೋದ ಕೆಳಗೆ “ಮುಂದಿನ ಅಕ್ಕಿ ಕೊಯ್ಲಿನ ನಂತರ” ಎಂದು ಸೇರಿಸಿ, ಮುಂಗಡ ಹಣ ತೆಗೆದುಕೊಳ್ಳುವುದನ್ನು ನಿಲ್ಲಿಸಿ.