ಗೋಡೆ ಸರಿದರೆ ಗಡುವು ಸರಿಯುವುದೇ?

ದೊಡ್ಡ ಕಚೇರಿ ಕಟ್ಟಡಗಳ ನೆಲಮಾಳಿಗೆಯಲ್ಲಿ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ ಒಂದು ಕೋಣೆ ಇರುತ್ತದೆ. ಕಟ್ಟಡದವರು ಅದನ್ನು ಪ್ಲಾಂಟ್ ರೂಮ್ ಎನ್ನುತ್ತಾರೆ. ಇಡೀ ಕಟ್ಟಡದ ಎ.ಸಿ.ಗೆ ನೀರು ತಣ್ಣಗಾಗಿಸುವ ಚಿಲ್ಲರ್‌ಗಳು, ಆ ನೀರನ್ನು ಮಹಡಿಗಳಿಗೆ ತಳ್ಳುವ ಪಂಪುಗಳು, ಮನುಷ್ಯ ತಬ್ಬಿಕೊಳ್ಳುವಷ್ಟು ದಪ್ಪದ ಪೈಪುಗಳು, ಪಕ್ಕದಲ್ಲೇ ಎಲೆಕ್ಟ್ರಿಕಲ್ ಪ್ಯಾನೆಲ್‌ಗಳು ಅಲ್ಲಿರುತ್ತವೆ. ಎಲ್ಲರಿಗೂ ಅದೇ ಕೋಣೆಯಲ್ಲಿ ಜಾಗ ಬೇಕು. ಹಾಗಾಗಿ ಡ್ರಾಯಿಂಗ್ ಕೊನೆಯ ಗಳಿಗೆಯವರೆಗೂ ಬದಲಾಗುವ ಕೋಣೆಯೂ ಅದೇ.

ಡ್ರಾಯಿಂಗ್ ತಡವಾಗಿ ಬದಲಾದಾಗ ಎ.ಸಿ. ಕೆಲಸದ ಸಬ್‌ಕಾಂಟ್ರ್ಯಾಕ್ಟರ್ ಮೇನ್ ಕಾಂಟ್ರ್ಯಾಕ್ಟರ್‌ಗೆ ಒಂದು ಪತ್ರ ಬರೆಯಬೇಕಾಗುತ್ತದೆ: ಕೆಲಸ ಮುಗಿಸುವ ಗಡುವನ್ನು ಇಷ್ಟು ದಿನ ಮುಂದಕ್ಕೆ ಹಾಕಿ ಎಂದು. ಸೈಟಿನ ಭಾಷೆಯಲ್ಲಿ ಅದು ಇಒಟಿ ಪತ್ರ. ಈ ಪತ್ರಗಳಲ್ಲಿ ಬಹುಪಾಲು ಸೋಲುತ್ತವೆ ಎಂದು ಕೇಳುತ್ತೇವೆ. ಬೇಡಿಕೆ ಸುಳ್ಳಾದ್ದರಿಂದಲ್ಲ, ಬರೆದ ರೀತಿಯಿಂದ. ಒಂದು ಉದಾಹರಣೆ ಹಿಡಿದು ನೋಡೋಣ. ಅಂಕಿ, ತಾರೀಕುಗಳನ್ನು ಲೆಕ್ಕಕ್ಕೆಂದು ನಾನು ಜೋಡಿಸಿದ್ದೇನೆ. ಇಂಥ ಘಟನೆ ಮಾತ್ರ ಸೈಟಿನಲ್ಲಿ ದುಡಿದವರಿಗೆಲ್ಲ ಗೊತ್ತಿರುವಂಥದ್ದೇ.

ಬೆಂಗಳೂರಿನ ಹೊರವಲಯದ ಒಂದು ಕಟ್ಟಡ ಎಂದುಕೊಳ್ಳಿ. ಎ.ಸಿ. ಸಬ್‌ಕಾಂಟ್ರ್ಯಾಕ್ಟ್ ಮೊತ್ತ 1.80 ಕೋಟಿ ರೂಪಾಯಿ. ಸೆಪ್ಟೆಂಬರ್ 30ಕ್ಕೆ ಕೆಲಸ ಮುಗಿಯಬೇಕು. ತಡವಾದರೆ ವಾರಕ್ಕೆ ಶೇ. 0.5ರಂತೆ, ಗರಿಷ್ಠ ಶೇ. 5ರವರೆಗೆ ಹಣ ಮುರಿದುಕೊಳ್ಳುವ ಷರತ್ತಿದೆ. ಇದೇ ಎಲ್‌ಡಿ. ಪ್ಲಾಂಟ್ ರೂಮಿನ ಡ್ರಾಯಿಂಗ್ ಎರಡನೇ ಪರಿಷ್ಕರಣೆ, ಅಂದರೆ ಆರ್-2, ಏಪ್ರಿಲ್‌ನಲ್ಲೇ ಒಪ್ಪಿಗೆಯಾಗಿತ್ತು. ಅದನ್ನು ನಂಬಿ ಸಬ್‌ಕಾಂಟ್ರ್ಯಾಕ್ಟರ್ ಪೂರ್ವದ ಗೋಡೆಯ ಬಳಿ ಪಂಪುಗಳಿಗೆ ನಾಲ್ಕು ಕಾಂಕ್ರೀಟ್ ಕಟ್ಟೆ ಹಾಕಿಸಿದ, ವರ್ಕ್‌ಶಾಪಿನಲ್ಲಿ ಹೆಡರ್ ಪೈಪುಗಳನ್ನು ವೆಲ್ಡ್ ಮಾಡಿಸಿದ. ಜೂನ್ 15ರಿಂದ ಪೈಪುಗಳನ್ನು ಕೋಣೆಯೊಳಗೆ ಏರಿಸಿ ಕೂರಿಸಬೇಕಿತ್ತು.

ಜೂನ್ 3ರಂದು ಆರ್-3 ಬಂತು. ಎಲೆಕ್ಟ್ರಿಕಲ್‌ನವರಿಗೆ ಹೆಚ್ಚುವರಿ ಪ್ಯಾನೆಲ್ ಬೇಕಾಗಿ, ಪ್ಯಾನೆಲ್ ರೂಮಿನ ಗೋಡೆ ಪ್ಲಾಂಟ್ ರೂಮಿನೊಳಕ್ಕೆ 1.8 ಮೀಟರ್ ಬಂದಿತ್ತು. ಸೈಟ್ ಎಂಜಿನಿಯರ್ ಹೇಳಿದ ಮಾತು ಎಲ್ಲರೂ ಹೇಳುವಂಥದ್ದೇ: “ಆರಡಿ ಸರಿದಿದೆ ಅಷ್ಟೇ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ.”

ಆರಡಿ ಅಷ್ಟೇ ಅಲ್ಲ ಎಂಬುದಕ್ಕೆ ಕಾರಣ ಚಿಲ್ಲರ್‌ನ ಹೊಟ್ಟೆಯಲ್ಲಿದೆ. ನೀರಿನಿಂದ ತಣಿಯುವ ದೊಡ್ಡ ಚಿಲ್ಲರ್‌ನ ಸಿಲಿಂಡರಿನೊಳಗೆ ಉದ್ದಕ್ಕೂ ತಾಮ್ರದ ಟ್ಯೂಬುಗಳಿರುತ್ತವೆ. ಅವನ್ನು ಬ್ರಷ್ ಹಾಕಿ ತೊಳೆಯಬೇಕು. ತೂತು ಬಿದ್ದರೆ ಎಳೆದು ತೆಗೆದು ಹೊಸದು ಹಾಕಬೇಕು. ಅದಕ್ಕಾಗಿ ಚಿಲ್ಲರ್‌ನ ಒಂದು ತುದಿಯಲ್ಲಿ ಟ್ಯೂಬಿನಷ್ಟೇ ಉದ್ದದ ಖಾಲಿ ಜಾಗ ಬಿಡುವುದು ನಿಯಮ. ಗೋಡೆ ಒಳಗೆ ಬಂದಾಗ ಹೋದದ್ದು ಆ ಖಾಲಿ ಜಾಗ. ಅದನ್ನು ಮತ್ತೆ ಹುಟ್ಟಿಸಲು ಚಿಲ್ಲರ್‌ಗಳನ್ನು ಸರಿಸಬೇಕಾಯಿತು; ಚಿಲ್ಲರ್ ಸರಿದ ಕಡೆ ಪಂಪುಗಳಿದ್ದವು, ಅವು ಉತ್ತರದ ಗೋಡೆಗೆ ಹೋದವು; ಪಂಪು ಹೋದ ಮೇಲೆ ಹೆಡರ್‌ನ ಉದ್ದ, ತಿರುವು, ಕವಲು ಎಲ್ಲ ಬದಲಾಯಿತು. ಕಟ್ಟೆಗಳನ್ನು ಒಡೆಯಬೇಕು, ಹೆಡರ್ ಹೊಸದಾಗಿ ಮಾಡಬೇಕು. ಇಒಟಿ ಪತ್ರದ ಮೊದಲ ಪ್ಯಾರಾದಲ್ಲಿ ಬರಬೇಕಾದ್ದು ಈ ಸರಪಳಿ. “ಡಿಸೈನ್ ಬದಲಾವಣೆಯಿಂದ ತೊಂದರೆಯಾಗಿದೆ” ಎಂದಷ್ಟೇ ಬರೆದರೆ ಓದುವವನಿಗೆ ಆರಡಿ ಮಾತ್ರ ಕಾಣುತ್ತದೆ.

ಈ ಕೆಲಸಕ್ಕೆ ಪತ್ರ ಒಂದಲ್ಲ, ಎರಡು. ಮೊದಲನೆಯದು ನೋಟಿಸ್. ಎಷ್ಟು ದಿನ ಬೇಕು ಎಂದು ಇನ್ನೂ ತಿಳಿಯದಿದ್ದಾಗಲೇ ಅದನ್ನು ಕಳಿಸಬೇಕು. ಬಹಳ ಜನ ಎಡವುವುದು ಇಲ್ಲೇ: ಲೆಕ್ಕ ಪೂರ್ತಿಯಾಗಲಿ, ಆಮೇಲೆ ಬರೆಯೋಣ ಎಂದು ಕಾಯುತ್ತಾರೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಸಾಮಾನ್ಯ ಷರತ್ತುಗಳ 5ನೇ ಕಲಮು ಅಡಚಣೆಯಾದ 14 ದಿನದೊಳಗೆ ಲಿಖಿತ ಕೋರಿಕೆ ಕೇಳುತ್ತದೆ. ಅಂತರರಾಷ್ಟ್ರೀಯ ಕಾಮಗಾರಿಗಳಲ್ಲಿ ಬಳಸುವ ಫಿಡಿಕ್ ಒಪ್ಪಂದದಲ್ಲಿ ಅದು 28 ದಿನ. ಸಬ್‌ಕಾಂಟ್ರ್ಯಾಕ್ಟ್‌ನಲ್ಲಿ ಈ ಅವಧಿ ಇನ್ನೂ ಚಿಕ್ಕದಿರುವುದುಂಟು. ಮೇನ್ ಕಾಂಟ್ರ್ಯಾಕ್ಟರ್ ಇದೇ ಕಾರಣಕ್ಕೆ ತನ್ನ ಮೇಲಿನವರಿಗೆ ನೋಟಿಸ್ ಕೊಡಬೇಕಲ್ಲ, ಆ ಸಮಯ ಅವನಿಗೆ ಉಳಿಯಬೇಕು. ನಮ್ಮ ಉದಾಹರಣೆಯಲ್ಲಿ ಒಪ್ಪಂದದ ಮಿತಿ 14 ದಿನ. ನೋಟಿಸ್ ಹೋದದ್ದು ಜೂನ್ 9ಕ್ಕೆ. ಪತ್ರಗಳು ವಾಡಿಕೆಯಂತೆ ಇಂಗ್ಲಿಷಿನಲ್ಲೇ ಇರುತ್ತವೆ. ಸಾರ ಹೀಗಿತ್ತು:

“ಜೂನ್ 3ರಂದು ತಾವು ಕಳಿಸಿದ ಆರ್-3 ಡ್ರಾಯಿಂಗ್‌ನಲ್ಲಿ ಪ್ಯಾನೆಲ್ ರೂಮಿನ ಗೋಡೆ 1.8 ಮೀಟರ್ ಒಳಗೆ ಬಂದಿದೆ. ಇದರಿಂದ ಚಿಲ್ಲರ್, ಪಂಪು, ಹೆಡರ್‌ಗಳ ಸ್ಥಾನ ಬದಲಾಗುತ್ತದೆ. ಹಾಕಿರುವ ಕಟ್ಟೆಗಳೂ ತಯಾರಾಗಿರುವ ಹೆಡರ್‌ಗಳೂ ಬಳಕೆಗೆ ಬರುವುದಿಲ್ಲ. ಕೆಲಸದ ಗಡುವಿನ ಮೇಲೆ ಪರಿಣಾಮವಾಗಲಿದ್ದು, ದಿನಗಳ ವಿವರವನ್ನು ಮುಂದೆ ಸಲ್ಲಿಸುತ್ತೇವೆ. ತಡದಿಂದಾಗುವ ನಷ್ಟಕ್ಕೆ ಪರಿಹಾರ ಕೇಳುವ ಹಕ್ಕನ್ನೂ ಕಾಯ್ದಿರಿಸಿದ್ದೇವೆ.”

ಕೊನೆಯ ವಾಕ್ಯ ಬೆದರಿಕೆಯಂತೆ ಕೇಳಿಸುತ್ತದೆಂದು ಕೆಲವರು ಬಿಟ್ಟುಬಿಡುತ್ತಾರೆ. ಬಿಡಬಾರದು. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಎದುರಿನವರು ತಡವಾಗಿ ಮಾಡಿದ್ದನ್ನು ಒಪ್ಪಿಕೊಂಡು ಮುಂದುವರಿದವರು, ಒಪ್ಪಿಕೊಳ್ಳುವಾಗಲೇ ತಿಳಿಸಿರದಿದ್ದರೆ ಆಮೇಲೆ ಪರಿಹಾರ ಕೇಳುವಂತಿಲ್ಲ. ಗುತ್ತಿಗೆದಾರರ ವಿಷಯದಲ್ಲೂ ಈ ಸೆಕ್ಷನ್ ಎಷ್ಟು ಮುಖ್ಯ ಎಂಬುದನ್ನು ಸುಪ್ರೀಂ ಕೋರ್ಟ್ 2002ರಲ್ಲಿ ಉತ್ತರ ರೈಲ್ವೆ ಮತ್ತು ಸರ್ವೇಶ್ ಚೋಪ್ರಾ ಪ್ರಕರಣದಲ್ಲಿ ವಿವರಿಸಿದೆ.

ಎರಡನೆಯದು ಲೆಕ್ಕದ ಪತ್ರ. ಇದರಲ್ಲಿ ಮೊದಲು ಸಾಬೀತಾಗಬೇಕಾದ್ದು ಒಂದು ಪ್ರಶ್ನೆಯ ಉತ್ತರ: ಆರ್-3 ಬಾರದೇ ಇದ್ದಿದ್ದರೆ ಜೂನ್ 15ಕ್ಕೆ ನೀನು ನಿಜವಾಗಿ ಸಿದ್ಧನಿದ್ದೆಯಾ? ಮೇನ್ ಕಾಂಟ್ರ್ಯಾಕ್ಟರ್ ಖಂಡಿತ ಕೇಳುತ್ತಾನೆ, ಕೇಳುವುದರಲ್ಲಿ ತಪ್ಪೂ ಇಲ್ಲ. ಕಟ್ಟೆಗೆ ಕಾಂಕ್ರೀಟ್ ಹಾಕಿದ ದಿನದ ಪೋರ್ ಕಾರ್ಡ್, ಹೆಡರ್ ಪರೀಕ್ಷಿಸಿದ ವರ್ಕ್‌ಶಾಪ್ ವರದಿ, ಪೈಪು ಬಂದ ಡೆಲಿವರಿ ಚಲನ್, ಇವು ಉತ್ತರ ಕೊಡುತ್ತವೆ. ಇವಿಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ಗಾಳಿಯಲ್ಲಿ ನಿಲ್ಲುತ್ತದೆ.

ಈಗ ದಿನಗಳು. ಆರ್-3 ಹಿಡಿದು ಹೊಸ ಶಾಪ್ ಡ್ರಾಯಿಂಗ್ ಮಾಡಲು ಜೂನ್ 4ರಿಂದ 15ರವರೆಗೆ 12 ದಿನ ಹಿಡಿಯಿತು. ಅದಕ್ಕೆ ಒಪ್ಪಿಗೆ ಕೊಡಲು ಒಪ್ಪಂದದಲ್ಲಿ 7 ದಿನವಿದ್ದರೂ ಕನ್ಸಲ್ಟೆಂಟ್ ಕಡೆಯಿಂದ ಬಂದದ್ದು 15 ದಿನಕ್ಕೆ, ಜೂನ್ 30ರಂದು. ಜುಲೈ 1ರಿಂದ ಎರಡು ಕೆಲಸ ಒಟ್ಟಿಗೇ ನಡೆದವು: ಹಳೆಯ ಕಟ್ಟೆ ಒಡೆದು ಹೊಸದು ಹಾಕಿ ಕ್ಯೂರಿಂಗ್ ಮಾಡಲು 14 ದಿನ, ಹೆಡರ್ ಹೊಸದಾಗಿ ಮಾಡಲು 18 ದಿನ. ಒಟ್ಟಿಗೇ ನಡೆದ ಕೆಲಸಗಳ ದಿನಗಳನ್ನು ಕೂಡುವಂತಿಲ್ಲ. 14 ಮತ್ತು 18 ಸೇರಿ 32 ಎಂದು ಬರೆದ ಪತ್ರ ಅಲ್ಲೇ ಮರ್ಯಾದೆ ಕಳೆದುಕೊಳ್ಳುತ್ತದೆ. ಉದ್ದದ್ದು ಮಾತ್ರ ಲೆಕ್ಕಕ್ಕೆ. ಹಾಗೆ ಜುಲೈ 18ಕ್ಕೆ ಎಲ್ಲ ಸಿದ್ಧವಾಗಿ, ಜೂನ್ 15ಕ್ಕೆ ಶುರುವಾಗಬೇಕಿದ್ದ ಪೈಪು ಏರಿಸುವ ಕೆಲಸ ಜುಲೈ 19ಕ್ಕೆ ಶುರುವಾಯಿತು. ತಡವಾದದ್ದು 34 ದಿನ.

ಅವಸರದವರು ಇಲ್ಲಿಗೆ ನಿಲ್ಲಿಸಿ 34 ದಿನ ಕೇಳುತ್ತಾರೆ, ಇನ್ನೂ ಧೈರ್ಯದವರು 60. ಆದರೆ ಕೆಲಸವೊಂದು ತಡವಾಗಿ ಶುರುವಾದದ್ದಕ್ಕೂ ಇಡೀ ಗಡುವು ತಪ್ಪುವುದಕ್ಕೂ ವ್ಯತ್ಯಾಸವಿದೆ. ಮೂಲ ವೇಳಾಪಟ್ಟಿಯಲ್ಲಿ ಪೈಪು, ಪ್ರೆಶರ್ ಟೆಸ್ಟ್, ಇನ್ಸುಲೇಷನ್ ಎಲ್ಲ ಆಗಸ್ಟ್ 20ಕ್ಕೆ ಮುಗಿಯಬೇಕಿತ್ತು. ಚಿಲ್ಲರ್ ಓಡಿಸಲು ಬೇಕಾದ ಕರೆಂಟ್ ಬರುವುದು ಮಾತ್ರ ಆಗಸ್ಟ್ 26ಕ್ಕೆ ಎಂದಿತ್ತು, ಹಾಗೆಯೇ ಬಂದಿತು ಕೂಡ. ಅಂದರೆ ಪೈಪಿನ ಕೆಲಸ 6 ದಿನ ತಡವಾದರೂ ಕಟ್ಟಡಕ್ಕೆ ನಷ್ಟವಿರಲಿಲ್ಲ. ಈ ಬಿಡುವಿಗೆ ಫ್ಲೋಟ್ ಎನ್ನುತ್ತಾರೆ. ಅದನ್ನು ಕಳೆದರೆ 28.

ಇನ್ನೂ ಒಂದು ಕಳೆಯುವುದಿದೆ. ಹೆಡರ್‌ಗೆ 18 ದಿನ ಹಿಡಿದದ್ದರಲ್ಲಿ 4 ದಿನ ವೆಲ್ಡರ್‌ಗಳು ಊರಿಗೆ ಹೋಗಿದ್ದರು. ಅದು ಸಬ್‌ಕಾಂಟ್ರ್ಯಾಕ್ಟರ್‌ನ ಪಾಡು, ಡ್ರಾಯಿಂಗ್‌ನದಲ್ಲ. 28ರಲ್ಲಿ 4 ಹೋದರೆ 24. ಪತ್ರದಲ್ಲಿ ಕೇಳಬೇಕಾದ್ದು ಇಷ್ಟನ್ನೇ: ಗಡುವು ಸೆಪ್ಟೆಂಬರ್ 30ರ ಬದಲು ಅಕ್ಟೋಬರ್ 24 ಆಗಲಿ.

ತನ್ನ ತಪ್ಪನ್ನು ತಾನೇ ಬರೆದುಕೊಡುವುದು ದಡ್ಡತನ ಎನ್ನುವ ಗುತ್ತಿಗೆದಾರರಿದ್ದಾರೆ. ನಾನು ಒಪ್ಪುವುದಿಲ್ಲ. ವೆಲ್ಡರ್‌ಗಳಿಲ್ಲದ 4 ದಿನ ಹೇಗೂ ಸೈಟಿನ ಹಾಜರಿ ಪುಸ್ತಕದಲ್ಲಿದೆ. ಅದನ್ನು ಎದುರಿನವರು ಹುಡುಕಿ ತೆಗೆದರೆ ಉಳಿದ ಎಲ್ಲ ಅಂಕಿಯ ಮೇಲೂ ಅನುಮಾನ ಬೀಳುತ್ತದೆ. ತಾವೇ ಕಳೆದು ತೋರಿಸಿದ ಲೆಕ್ಕದಲ್ಲಿ ಚೌಕಾಸಿಗೆ ಜಾಗ ಕಡಿಮೆ.

24 ದಿನದ ಬೆಲೆ ಎಷ್ಟು? ವಾರಕ್ಕೆ 90 ಸಾವಿರದಂತೆ ಎಲ್‌ಡಿ ಲೆಕ್ಕದಲ್ಲಿ ಸುಮಾರು 3 ಲಕ್ಷ ರೂಪಾಯಿ. ಇಒಟಿ ಉಳಿಸಿಕೊಡುವುದು ಇದನ್ನು ಮಾತ್ರ. ಒಡೆದ ಕಟ್ಟೆ, ಗುಜರಿಗೆ ಹೋದ ಹೆಡರ್‌ನ ಖರ್ಚು ಬೇರೆಯೇ ಬಾಬತ್ತು. ಹೆಚ್ಚುವರಿ ಕೆಲಸವೆಂದು ಅದಕ್ಕೆ ದರ ಸಹಿತ ಬೇರೆ ಬಿಲ್ ಹೋಗಬೇಕು. ಸಮಯ ಮತ್ತು ಹಣವನ್ನು ಒಂದೇ ಪ್ಯಾರಾದಲ್ಲಿ ಕಲಸಿದರೆ ಹಣದ ಜಗಳ ಮುಗಿಯುವವರೆಗೆ ಸಮಯವೂ ಸಿಗುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದವರನ್ನೂ ಕೆಡವುವ ಎರಡು ಸಂಗತಿಗಳಿವೆ. ಒಂದು, ಡ್ರಾಯಿಂಗ್ ವಾಟ್ಸಾಪಿನಲ್ಲಿ ಬರುವುದು. ಯಾವ ದಿನ, ಯಾವ ಪರಿಷ್ಕರಣೆ, ಕೆಲಸಕ್ಕೋ ಬರೀ ಮಾಹಿತಿಗೋ ಎಂಬುದಕ್ಕೆ ಟ್ರಾನ್ಸ್‌ಮಿಟಲ್ ಇಲ್ಲದೆ ಸಾಕ್ಷಿಯಿಲ್ಲ. ಹಾಗೆ ಬಂದರೆ ಅದೇ ಸಂಜೆ ಇಮೇಲ್ ಹಾಕಿ, ಆರ್-3 ಇಂದು ತಲುಪಿದೆ, ಇದರಂತೆ ಕೆಲಸ ಮಾಡಬೇಕೇ ಎಂದು ಕೇಳುವುದು ವಾಸಿ. ಎರಡು, ವಾರದ ಮೀಟಿಂಗಿನ ನಡಾವಳಿ. “ಸಬ್‌ಕಾಂಟ್ರ್ಯಾಕ್ಟರ್ ತಡವನ್ನು ಸರಿದೂಗಿಸಿ ಸೆಪ್ಟೆಂಬರ್ 30ಕ್ಕೇ ಮುಗಿಸಲು ಒಪ್ಪಿದ್ದಾರೆ” ಎಂಬ ಸಾಲು ಅದರ ನಾಲ್ಕನೇ ಪುಟದಲ್ಲಿ ಕೂತಿರುತ್ತದೆ, ಕೆಳಗೆ ನಮ್ಮ ಸೂಪರ್‌ವೈಸರ್ ಸಹಿ. ಒಂದು ತಿಂಗಳ ಲೆಕ್ಕಾಚಾರ ಆ ಒಂದು ಸಾಲಿನ ಮುಂದೆ ನಿಲ್ಲುವುದು ಕಷ್ಟ. ಸರ್ಕಾರಿ ಕಾಮಗಾರಿಗಳಲ್ಲಿ ಎರಡೂ ಕಡೆಯವರು ಸಹಿ ಹಾಕುವ ಹಿಂಡ್ರೆನ್ಸ್ ರಿಜಿಸ್ಟರ್ ಇರುತ್ತದೆ. ಖಾಸಗಿ ಸೈಟಿನಲ್ಲಿ ಇಲ್ಲದಿದ್ದರೆ ಅಂಥದ್ದೊಂದನ್ನು ಸಬ್‌ಕಾಂಟ್ರ್ಯಾಕ್ಟರೇ ಶುರುಮಾಡಿ ವಾರಕ್ಕೊಮ್ಮೆ ಇಮೇಲ್‌ನಲ್ಲಿ ಕಳಿಸಬಹುದು.

ಗಡುವು ವಿಸ್ತರಿಸಿದ ಉತ್ತರ ಕೈಗೆ ಬಂದ ಮೇಲೂ ಅದರ ಕೊನೆಯ ಸಾಲನ್ನು ಓದಿ. “ಎಲ್‌ಡಿ ವಿಧಿಸದೆ” ಎಂದಿದ್ದರೆ ಕೆಲಸವಾಯಿತು. “ಎಲ್‌ಡಿ ವಿಧಿಸುವ ಹಕ್ಕನ್ನು ಕಾಯ್ದಿರಿಸಿ” ಎಂದಿದ್ದರೆ ಸಿಕ್ಕಿರುವುದು ಸೈಟಿನಲ್ಲಿ ಕೆಲಸ ಮುಂದುವರಿಸಲು ಅನುಮತಿ ಮಾತ್ರ, 3 ಲಕ್ಷ ಇನ್ನೂ ತೂಗುತ್ತಲೇ ಇದೆ. ಅದಕ್ಕೆ ಒಪ್ಪಿಗೆಯಿಲ್ಲವೆಂದು ಆ ವಾರವೇ ಬರೆದು ಕಳಿಸಿ.